ತಡವಾದ ಸರಕು, ತಾಳ್ಮೆಯ ಪತ್ರ

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯು ದ್ರಾಕ್ಷಿಗೆ ಹೆಸರಾದ ಸೀಮೆ. ಅಲ್ಲಿನ ‘ಪನ್ನೀರ್ ದ್ರಾಕ್ಷಿ’ಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆ ಕಣಿವೆಯಲ್ಲಿ ತಲೆತಲಾಂತರದಿಂದ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡು ಬಂದ ಒಕ್ಕಲಿಗ ಕುಟುಂಬಗಳಿವೆ. ಪಕ್ಕದ ದಿಂಡಿಗಲ್ ಜಿಲ್ಲೆಯ ಚಿನ್ನಾಳಪಟ್ಟಿಯಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರಿದ್ದಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮತ್ತು ಪೇಟೆಯಲ್ಲಿ ತಮಿಳು, ಬ್ಯಾಂಕಿನಲ್ಲಿ ಸ್ವಲ್ಪ ಇಂಗ್ಲಿಷು ಎಂಬಂತೆ ಅವರ ದಿನ ನಡೆಯುತ್ತದೆ. ಇಂಥ ಮನೆಯವರು ಕರ್ನಾಟಕದ ವ್ಯಾಪಾರಿಗೆ ಕನ್ನಡದಲ್ಲಿ ಕಾಗದ ಬರೆಯಬೇಕಾಗಿ ಬಂದಾಗ, ಆಡುವ ಮಾತನ್ನೇ ಕಾಗದದ ಮೇಲೆ ಇಳಿಸಿಬಿಡುವುದುಂಟು. ಆಡುವಾಗ ಮುಖದ ನಗೆ, ದನಿಯ ಏರಿಳಿತಗಳು ಮಾತಿನ ಒರಟನ್ನು ತಗ್ಗಿಸುತ್ತವೆ. ಕಾಗದದಲ್ಲಿ ಅವು ಯಾವುವೂ ಇರುವುದಿಲ್ಲ; ಒರಟು ಮಾತ್ರ ಉಳಿಯುತ್ತದೆ.

ಈ ಪಾಠದಲ್ಲಿ ಅಂಥದೊಂದು ಪತ್ರವನ್ನು ತೆಗೆದುಕೊಂಡು, ಅದನ್ನು ಹೇಗೆ ತಿದ್ದಬೇಕೆಂಬುದನ್ನು ನೋಡೋಣ. ಉದಾಹರಣೆ ನಾವು ಪಾಠಕ್ಕಾಗಿ ಕಟ್ಟಿಕೊಂಡದ್ದು; ಆದರೆ ಇಂಥ ತೊಂದರೆ ಬೆಳೆಗಾರರ ಮನೆಗಳಿಗೆ ಹೊಸದಲ್ಲ.

ನಡೆದ ಸಂಗತಿ

ಕಂಬಂ ಬಳಿಯ ಒಬ್ಬ ಬೆಳೆಗಾರರು ಹಣ್ಣು ತುಂಬುವ ಪ್ಲಾಸ್ಟಿಕ್ ಕ್ರೇಟುಗಳಿಗಾಗಿ ಬೆಂಗಳೂರಿನ ಒಬ್ಬ ವ್ಯಾಪಾರಿಗೆ 12-11-2025ರಂದು ಬೇಡಿಕೆಯ ಪತ್ರ ಬರೆದರೆಂದು ಭಾವಿಸೋಣ. 300 ಕ್ರೇಟುಗಳು, ಒಂದಕ್ಕೆ ₹250ರಂತೆ ಒಟ್ಟು ₹75,000. ಮುಂಗಡವಾಗಿ ₹25,000 ಕಳಿಸಿದ್ದಾಯಿತು. ಆ ಪತ್ರದಲ್ಲಿ ಅವರು ಹೀಗೊಂದು ವಾಕ್ಯ ಸೇರಿಸಿದ್ದರು: “ನಮ್ಮ ತೋಟದಲ್ಲಿ 5-12-2025ರಂದು ಕೊಯ್ಲು ಆರಂಭವಾಗುತ್ತದೆ. ಕ್ರೇಟುಗಳಿಲ್ಲದೆ ಕೊಯ್ಲು ಮಾಡಲಾಗದು. ಆದ್ದರಿಂದ ಸರಕು 1-12-2025ರೊಳಗೆ ಕಂಬಂ ತಲುಪುವುದು ಈ ವ್ಯವಹಾರದ ಮುಖ್ಯ ಷರತ್ತು.” ವ್ಯಾಪಾರಿಯು 14-11-2025ರಂದು ಒಪ್ಪಿಗೆಯ ಉತ್ತರ ಬರೆದರು.

ಡಿಸೆಂಬರ್ 1 ಕಳೆಯಿತು, ಲಾರಿ ಬರಲಿಲ್ಲ. 3ರಂದು ಫೋನು ಮಾಡಿದಾಗ “ಎರಡು ದಿನ ತಾಳಿ ಸ್ವಾಮಿ, ಬರುತ್ತದೆ” ಎಂದರು. ಪನ್ನೀರ್ ದ್ರಾಕ್ಷಿ ತೆಳುಸಿಪ್ಪೆಯ ಮೆತ್ತನೆಯ ಹಣ್ಣು. ಮಾಗಿದ ಮೇಲೆ ಬಳ್ಳಿಯಲ್ಲಿ ಹೆಚ್ಚು ದಿನ ಬಿಡುವಂತಿಲ್ಲ. ಮಳೆ ಬಿದ್ದರೆ ಹಣ್ಣು ಬಿರಿಯುತ್ತದೆ, ಬಿರಿದ ಹಣ್ಣು ಕೊಳೆಯುತ್ತದೆ. ಕೊಯ್ಲಿಗೆ ಆಳುಗಳನ್ನು ಗೊತ್ತು ಮಾಡಿಯಾಗಿತ್ತು. ಬೆಳೆಗಾರರಿಗೆ ಸಿಟ್ಟು ಬಂದುದು ಸಹಜವೇ. ಅವರು ಬರೆದ ಮೊದಲ ಕರಡು ಹೀಗಿತ್ತು:

“ನೀವು ಕ್ರೇಟು ಕಳಿಸಲಿಲ್ಲ. ದುಡ್ಡು ತೆಗೆದುಕೊಳ್ಳುವಾಗ ಇದ್ದ ಆತುರ ಸರಕು ಕಳಿಸುವಾಗ ಏಕಿಲ್ಲ? ಯಾವಾಗ ಕೇಳಿದರೂ ಸುಳ್ಳು ಹೇಳುತ್ತೀರಿ. ನಿಮ್ಮಂಥವರನ್ನು ನಂಬಿ ನಾವು ಕೆಟ್ಟೆವು. ಕೂಡಲೇ ಕಳಿಸದಿದ್ದರೆ ನಾವು ಏನು ಮಾಡುತ್ತೇವೆಂದು ತೋರಿಸುತ್ತೇವೆ.”

ಈ ಪತ್ರದಲ್ಲಿ ಬಿರುಸಿದೆ. ಆದರೆ ಬಿಗಿಯಿದೆಯೇ? ಒಂದು ಪರೀಕ್ಷೆ ಮಾಡಿ ನೋಡೋಣ. ಈ ವ್ಯವಹಾರದ ಗಂಧಗಾಳಿಯಿಲ್ಲದ ಮೂರನೆಯವರೊಬ್ಬರು ಆರು ತಿಂಗಳ ಮೇಲೆ ಈ ಕಾಗದ ಓದುತ್ತಾರೆ. ಎಷ್ಟು ಕ್ರೇಟು? ಯಾವ ದಿನ ಬರಬೇಕಾಗಿತ್ತು? ಎಷ್ಟು ಹಣ ಕೊಡಲಾಗಿತ್ತು? ಇನ್ನು ಯಾವ ದಿನದೊಳಗೆ ಬೇಕು? ಬರದಿದ್ದರೆ ಏನಾಗುವುದು? ಐದರಲ್ಲಿ ಒಂದಕ್ಕೂ ಪತ್ರದಲ್ಲಿ ಉತ್ತರವಿಲ್ಲ. ‘ಕೂಡಲೇ’ ಎಂಬುದು ದಿನಾಂಕವಲ್ಲ. ‘ತೋರಿಸುತ್ತೇವೆ’ ಎಂಬುದು ಕ್ರಮವಲ್ಲ. ಬಿರುಸಾದ ಈ ಕಾಗದವು ವಾಸ್ತವವಾಗಿ ಸಡಿಲವಾದ ಕಾಗದ. ಅಷ್ಟೇ ಅಲ್ಲ, ‘ಸುಳ್ಳು ಹೇಳುತ್ತೀರಿ’ ಎಂಬ ಮಾತೊಂದು ಸಿಕ್ಕಿತೆಂದರೆ ವ್ಯಾಪಾರಿಯು ತಡದ ವಿಷಯವನ್ನು ಬಿಟ್ಟು ಆ ಮಾತಿಗೇ ಉತ್ತರ ಕೊಡಲು ತೊಡಗುತ್ತಾನೆ. ತಪ್ಪು ಮಾಡಿದವನಿಗೆ ನೊಂದವನಾಗುವ ಅವಕಾಶವನ್ನು ನಾವೇ ಒದಗಿಸಿದಂತಾಯಿತು.

ಆದ್ದರಿಂದ ಈ ಪಾಠದ ಸೂತ್ರ ಇಷ್ಟು: ಮೃದುಗೊಳಿಸಬೇಕಾದದ್ದು ಮನುಷ್ಯನ ಬಗೆಗಿನ ಮಾತುಗಳನ್ನು, ಮುಟ್ಟಬಾರದ್ದು ದಿನಾಂಕ, ಲೆಕ್ಕ ಮತ್ತು ಹಕ್ಕುಗಳನ್ನು. ಹೇಗೆಂಬುದನ್ನು ನಮ್ಮ ವ್ಯಾಕರಣದ ನೆರವಿನಿಂದಲೇ ನೋಡೋಣ.

‘ಕಳಿಸಲಿಲ್ಲ’ ಮತ್ತು ‘ತಲುಪಿಲ್ಲ’

‘ನೀವು ಕ್ರೇಟು ಕಳಿಸಲಿಲ್ಲ’ ಎಂಬ ವಾಕ್ಯದ ಕರ್ತೃ ‘ನೀವು’. ವಾಕ್ಯ ತೊಡಗುತ್ತಲೇ ಬೆರಳು ಆತನ ಕಡೆಗೆ ಚಾಚಿದೆ. ಅದನ್ನೇ ‘ಕ್ರೇಟುಗಳು ನಮಗೆ ತಲುಪಿಲ್ಲ’ ಎಂದು ಬರೆದು ನೋಡಿರಿ. ಈಗ ಕರ್ತೃ ‘ಕ್ರೇಟುಗಳು’. ಬೆರಳು ಸರಕಿನ ಕಡೆಗೆ ತಿರುಗಿತು.

ಇದು ಬರಿಯ ಉಪಚಾರವಲ್ಲ, ಹೆಚ್ಚಿನ ಸತ್ಯವೂ ಹೌದು. ಆತ ಕಳಿಸಿದನೋ ಇಲ್ಲವೋ ಎಂಬುದು ಕಂಬದಲ್ಲಿ ಕುಳಿತ ನಮಗೆ ಗೊತ್ತಿಲ್ಲ. ಲಾರಿ ಹೊಸೂರು, ಸೇಲಂ, ದಿಂಡಿಗಲ್ ದಾಟಿ ಬರಬೇಕು. ದಾರಿಯಲ್ಲಿ ಎಲ್ಲೋ ನಿಂತಿರಬಹುದು. ‘ನೀವು ಕಳಿಸಲಿಲ್ಲ’ ಎಂದು ನಾವು ಬರೆದ ದಿನವೇ ಆತನು ಹಿಂದಿನ ದಿನಾಂಕದ ಲಾರಿ ರಸೀದಿ ತೋರಿಸಿದರೆ ನಮ್ಮ ಪತ್ರ ಸುಳ್ಳಾಗುತ್ತದೆ. ‘ತಲುಪಿಲ್ಲ’ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಕಂಬಂ ತಲುಪಿಸುವುದೇ ಕರಾರಾಗಿರುವಾಗ ದಾರಿಯ ತಡವೂ ಆತನ ಹೊಣೆಯೇ.

ಇಲ್ಲಿ ಒಂದು ಎಚ್ಚರಿಕೆ. ಕರ್ತೃವನ್ನು ಮರೆಸಬೇಕೆಂದು ಕೆಲವರು ಕರ್ಮಣಿ ಪ್ರಯೋಗಕ್ಕೆ ಕೈಹಾಕಿ ‘ಕ್ರೇಟುಗಳು ತಮ್ಮಿಂದ ಕಳುಹಿಸಲ್ಪಟ್ಟಿಲ್ಲ’ ಎಂದು ಬರೆಯುತ್ತಾರೆ. ಇದು ಕಿವಿಗೂ ಹಿತವಲ್ಲ. ‘ಕಳಿಸಲಿಲ್ಲ’ ಎಂಬ ಹಳೆಯ ಆರೋಪವೇ ವೇಷ ಹಾಕಿಕೊಂಡು ಬಂದದ್ದು. ಕನ್ನಡದಲ್ಲಿ ‘ತಲುಪು’, ‘ಬರು’, ‘ಸೇರು’ ಎಂಬ ಸರಳ ಧಾತುಗಳಿರುವಾಗ ಕರ್ಮಣಿಯ ಹಂಗೇಕೆ?

‘ಬರಲಿಲ್ಲ’ ಮತ್ತು ‘ಬಂದಿಲ್ಲ’

ಇನ್ನೊಂದು ಸೂಕ್ಷ್ಮವನ್ನು ಗಮನಿಸಿರಿ. ‘ಬರಲಿಲ್ಲ’ ಎಂದರೆ ಆ ಕಾಲ ಮುಗಿಯಿತು, ಬಾಗಿಲು ಮುಚ್ಚಿತು. ‘ಬಂದಿಲ್ಲ’ ಎಂದರೆ ಈ ಗಳಿಗೆಯವರೆಗೆ ಬಂದಿಲ್ಲ, ಇನ್ನೂ ಬರಬಹುದು. ಮದುವೆಗೆ ‘ಅತ್ತೆ ಬರಲಿಲ್ಲ’ ಎಂದರೆ ಮದುವೆ ಮುಗಿದಿದೆ. ‘ಅತ್ತೆ ಬಂದಿಲ್ಲ’ ಎಂದರೆ ಇನ್ನೂ ದಾರಿ ನೋಡುತ್ತಿದ್ದಾರೆ. ತಮಿಳಿನಲ್ಲಿ ಈ ಎರಡು ಕಡೆಗೂ ‘ವರವಿಲ್ಲೈ’ ಎಂಬ ಒಂದೇ ರೂಪ ಸಾಕಾಗುತ್ತದೆ. ಆದ್ದರಿಂದ ತಮಿಳಿನಲ್ಲಿ ಓದಿದ ನಮ್ಮ ಮಕ್ಕಳು ಕನ್ನಡದಲ್ಲಿ ಬರೆಯುವಾಗ ಈ ಭೇದವನ್ನು ಮರೆಯುವುದುಂಟು.

ದೂರಿನ ಪತ್ರಕ್ಕೆ ಎರಡೂ ಬೇಕು. ಆದರೆ ಬೇರೆ ಬೇರೆ ಜಾಗದಲ್ಲಿ. ‘1-12-2025ರಂದು ಸರಕು ಬರಲಿಲ್ಲ’ ಎಂಬುದು ಮುಗಿದ ಸಂಗತಿ. ಆ ತಪ್ಪು ದಾಖಲಾಯಿತು, ಇನ್ನು ಅಳಿಯದು. ‘ಈ ಪತ್ರ ಬರೆಯುವ 4-12-2025ರ ಬೆಳಿಗ್ಗೆ 9 ಗಂಟೆಯವರೆಗೂ ಬಂದಿಲ್ಲ’ ಎಂಬುದು ಆತನಿಗೆ ತಿದ್ದಿಕೊಳ್ಳಲು ತೆರೆದಿಟ್ಟ ಬಾಗಿಲು. ಒಂದೇ ಪತ್ರದಲ್ಲಿ ಬಿಗಿಯೂ ಸೌಜನ್ಯವೂ ಈ ಎರಡು ಪ್ರತ್ಯಯಗಳಿಂದಲೇ ಒದಗಿದವು.

‘ಉಪಕಾರ’ ಮತ್ತು ‘ಕೋರಿಕೆ’

ಒರಟನ್ನು ಕಳೆಯಲು ಹೊರಟವರು ಅತಿಯಾಗಿ ಬಾಗಿಬಿಡುವುದೂ ಉಂಟು. ‘ಸಾಧ್ಯವಾದಷ್ಟು ಬೇಗ ಕಳಿಸಿದರೆ ದೊಡ್ಡ ಉಪಕಾರವಾಗುತ್ತದೆ’ ಎಂದು ಬರೆಯುತ್ತಾರೆ. ಹಣ ಕೊಟ್ಟು ಕೊಂಡ ಸರಕು ಉಪಕಾರವಲ್ಲ, ಕರಾರು. ‘ಉಪಕಾರ’ ಎಂದೊಡನೆ ಕೊಡುವುದೂ ಬಿಡುವುದೂ ಆತನ ಇಚ್ಛೆ ಎಂದಂತಾಯಿತು. ‘ಸಾಧ್ಯವಾದಷ್ಟು ಬೇಗ’, ‘ತಮಗೆ ಅನುಕೂಲವಾದಾಗ’ ಎಂಬ ಮಾತುಗಳಂತೂ ಇನ್ನೂ ಅಪಾಯದವು. 1872ರ ಭಾರತೀಯ ಕರಾರು ಕಾಯಿದೆಯ 63ನೆಯ ಕಲಮಿನ ಪ್ರಕಾರ, ಕೆಲಸ ಆಗಬೇಕಾದವನು ತಾನಾಗಿಯೇ ಗಡುವನ್ನು ಮುಂದಕ್ಕೆ ಹಾಕಿಕೊಡಬಹುದು. ಗಡುವು ಕಳೆದ ಮೇಲೆ ‘ಅನುಕೂಲವಾದಾಗ ಕಳಿಸಿ’ ಎಂದು ನಾವು ಬರೆದರೆ, ‘ಅವರೇ ಕಾಲಾವಕಾಶ ಕೊಟ್ಟರು’ ಎಂದು ಆತ ಹೇಳಲು ದಾರಿಯಾಗುತ್ತದೆ.

‘ಕಳಿಸಲೇಬೇಕು’ ಎಂಬುದು ಒಂದು ತುದಿ. ‘ಕಳಿಸಿದರೆ ಉಪಕಾರ’ ಎಂಬುದು ಇನ್ನೊಂದು ತುದಿ. ನಡುವೆ ನಿಲ್ಲುವುದು ‘8-12-2025ರ ಸಂಜೆ 5 ಗಂಟೆಯೊಳಗೆ ತಲುಪಿಸಬೇಕಾಗಿ ಕೋರುತ್ತೇವೆ’ ಎಂಬ ವಾಕ್ಯ. ಇದರಲ್ಲಿ ‘ಕೋರುತ್ತೇವೆ’ ಎಂಬ ಕ್ರಿಯಾಪದವು ಮೃದು. ದಿನಾಂಕವೂ ಗಂಟೆಯೂ ಗಟ್ಟಿ. ಅಂಕಿಗಳು ಗಟ್ಟಿಯಾಗಿದ್ದರೆ ಕ್ರಿಯಾಪದ ಎಷ್ಟು ಬೇಕಾದರೂ ಮೃದುವಾಗಿರಬಹುದು.

ತಿದ್ದಿದ ಪತ್ರ

ಈಗ ಇವೆಲ್ಲವನ್ನೂ ಕೂಡಿಸಿ ಪತ್ರವನ್ನು ಹೊಸದಾಗಿ ಬರೆಯೋಣ.

ಕಂಬಂ,
4-12-2025

ಮಾನ್ಯರೇ,

ವಿಷಯ: 300 ಪ್ಲಾಸ್ಟಿಕ್ ಕ್ರೇಟುಗಳು ತಲುಪದಿರುವ ಬಗ್ಗೆ.

ಉಲ್ಲೇಖ: 1. ನಮ್ಮ ಬೇಡಿಕೆಯ ಪತ್ರ, 12-11-2025. 2. ತಮ್ಮ ಒಪ್ಪಿಗೆಯ ಪತ್ರ, 14-11-2025. 3. ನಿನ್ನೆ, 3-12-2025ರಂದು, ತಮ್ಮೊಂದಿಗೆ ಆಡಿದ ಫೋನಿನ ಮಾತು ಮತ್ತು ಅನಂತರ ಕಳಿಸಿದ ವಾಟ್ಸಾಪ್ ಸಂದೇಶ.

ಮೇಲಿನ ಪತ್ರಗಳಂತೆ 300 ಕ್ರೇಟುಗಳು 1-12-2025ರೊಳಗೆ ಕಂಬಂ ತಲುಪಬೇಕಾಗಿತ್ತು. ಆ ದಿನ ಸರಕು ಬರಲಿಲ್ಲ. ಈ ಪತ್ರ ಬರೆಯುವ ಈ ದಿನ ಬೆಳಿಗ್ಗೆ 9 ಗಂಟೆಯವರೆಗೂ ಬಂದಿಲ್ಲ. ಮುಂಗಡ ₹25,000 ತಮಗೆ ಸಂದಿದೆ.

ನಾಳೆ ನಮ್ಮಲ್ಲಿ ಕೊಯ್ಲು ಆರಂಭವಾಗುತ್ತದೆ. ಹಣ್ಣು ಕೆಡದಿರಲೆಂದು 200 ಕ್ರೇಟುಗಳನ್ನು ದಿನಕ್ಕೆ ತಲಾ ₹5ರಂತೆ ಇಲ್ಲಿಯೇ ಬಾಡಿಗೆಗೆ ಪಡೆಯುತ್ತಿದ್ದೇವೆ. ಈ ಖರ್ಚು ಸರಕು ತಲುಪದ ಕಾರಣದಿಂದಲೇ ಬರುತ್ತಿದೆ.

ತಮ್ಮ ಕಡೆಯಲ್ಲಿಯೂ ಏನಾದರೂ ಅಡಚಣೆ ಒದಗಿರಬಹುದು. ಹಾಗಿದ್ದರೆ ದಯವಿಟ್ಟು ತಿಳಿಸಿರಿ. ಸರಕನ್ನು 8-12-2025ರ ಸಂಜೆ 5 ಗಂಟೆಯೊಳಗೆ ತಲುಪಿಸಬೇಕಾಗಿಯೂ ಲಾರಿಯ ನಂಬರು ಮತ್ತು ಹೊರಟ ದಿನವನ್ನು ನಾಳೆಯೊಳಗೆ ಬರೆದು ತಿಳಿಸಬೇಕಾಗಿಯೂ ಕೋರುತ್ತೇವೆ. ಆ ವೇಳೆಗೂ ತಲುಪದಿದ್ದಲ್ಲಿ ಬೇಡಿಕೆಯನ್ನು ರದ್ದುಗೊಳಿಸಿ ಮುಂಗಡವನ್ನು ಹಿಂದಕ್ಕೆ ಕೇಳಬೇಕಾಗುವುದು. 8ರವರೆಗೆ ಕಾಯುತ್ತಿರುವುದರಿಂದ 1ರ ಗಡುವನ್ನಾಗಲಿ, ತಡದಿಂದಾದ ನಷ್ಟವನ್ನು ಕೇಳುವ ಹಕ್ಕನ್ನಾಗಲಿ ನಾವು ಬಿಟ್ಟುಕೊಟ್ಟಿಲ್ಲ.

ತಮ್ಮೊಂದಿಗಿನ ವ್ಯವಹಾರವು ಮುಂದುವರಿಯಬೇಕೆಂಬುದೇ ನಮ್ಮ ಇಚ್ಛೆ.

ಇಂತು ತಮ್ಮ ವಿಶ್ವಾಸಿ,
(ಸಹಿ)

ಈ ಪತ್ರದಲ್ಲಿ ಒಂದೇ ಒಂದು ಬೈಗುಳವಿಲ್ಲ, ಪ್ರಶ್ನೆಯ ಚಿಹ್ನೆಯೂ ಇಲ್ಲ. ‘ದುಡ್ಡು ತೆಗೆದುಕೊಳ್ಳುವಾಗ ಇದ್ದ ಆತುರ ಏಕಿಲ್ಲ?’ ಎಂಬ ಪ್ರಶ್ನೆ ಉತ್ತರ ಬೇಡದ ಪ್ರಶ್ನೆ. ಅದರ ಬದಲು ‘ಲಾರಿಯ ನಂಬರು ತಿಳಿಸಿರಿ’ ಎಂಬ, ಉತ್ತರ ಕೊಡಲೇಬೇಕಾದ ಕೋರಿಕೆ ಬಂದಿದೆ. ‘ಅಡಚಣೆ ಒದಗಿರಬಹುದು’ ಎಂಬ ವಾಕ್ಯವು ಆತನ ಮಾನವನ್ನು ಉಳಿಸುತ್ತದೆ; ಆದರೆ ಆ ಅಡಚಣೆಯನ್ನು ನಾವು ಒಪ್ಪಿಕೊಂಡೆವೆಂದು ಎಲ್ಲಿಯೂ ಹೇಳಿಲ್ಲ. ‘ತೋರಿಸುತ್ತೇವೆ’ ಎಂಬ ಬೆದರಿಕೆಯ ಜಾಗದಲ್ಲಿ, ಮಾಡಲಿರುವ ಕ್ರಮವನ್ನು ಹೆಸರಿಸಿದೆ. ಇಲ್ಲಿಯೂ ಒಂದು ನಿಯಮವುಂಟು: ನಿಜವಾಗಿ ಮಾಡಲು ಸಿದ್ಧವಿರುವ ಕ್ರಮವನ್ನಷ್ಟೇ ಬರೆಯಬೇಕು. ರದ್ದುಗೊಳಿಸುತ್ತೇವೆಂದು ಬರೆದು, ಆ ದಿನ ಕಳೆದ ಮೇಲೂ ಸುಮ್ಮನೆ ಕಾಯುತ್ತ ಕುಳಿತರೆ, ನಮ್ಮ ಮುಂದಿನ ಪತ್ರಕ್ಕೆ ಬೆಲೆಯಿರದು.

ಫೋನಿನ ಮಾತಿಗೆ ಕಾಗದದ ಗುರುತು

ಪತ್ರದ ಉಲ್ಲೇಖದಲ್ಲಿ ಫೋನಿನ ಮಾತಿನ ಜೊತೆಗೆ ವಾಟ್ಸಾಪ್ ಸಂದೇಶವೂ ಇರುವುದನ್ನು ನೋಡಿದಿರಿ. ಇಂದು ವ್ಯಾಪಾರದ ಮಾತು ಬಹುಪಾಲು ಫೋನಿನಲ್ಲಿಯೇ ನಡೆಯುತ್ತದೆ. ‘ಎರಡು ದಿನದಲ್ಲಿ ಬರುತ್ತದೆ’ ಎಂದು ಆತ ಹೇಳಿದ್ದು ಗಾಳಿಗೆ ಹೋಗದಿರಬೇಕಾದರೆ, ಫೋನಿಟ್ಟ ಹತ್ತು ನಿಮಿಷದೊಳಗೆ ಎರಡು ಸಾಲು ಬರೆದು ಕಳಿಸಬೇಕು: “ಈಗ ತಾವು ಫೋನಿನಲ್ಲಿ ತಿಳಿಸಿದಂತೆ ಕ್ರೇಟುಗಳು 5-12-2025ರೊಳಗೆ ಬರುತ್ತವೆಂದು ಗುರುತು ಹಾಕಿಕೊಂಡಿದ್ದೇವೆ. ಬೇರೆ ರೀತಿಯಿದ್ದರೆ ತಿಳಿಸಿರಿ. ವಂದನೆಗಳು.” ಈ ಸಂದೇಶದಲ್ಲಿ ದೂರಿನ ಸುಳಿವೇ ಇಲ್ಲ, ಯಾರೂ ಇದಕ್ಕೆ ಮುನಿಯುವುದಿಲ್ಲ. ಆದರೆ ಆಡಿದ ಮಾತು ಬರಹವಾಯಿತು. ಆತನು ‘ಆಗಲಿ’ ಎಂದು ಉತ್ತರಿಸಿದರಂತೂ ಅದು ಆತನದೇ ಬರಹವಾಯಿತು. ಆತನ ‘ಎರಡು ದಿನ’ವನ್ನು ನಾವು ‘5-12-2025’ ಎಂದು ಅಂಕಿಗೆ ಇಳಿಸಿದ್ದನ್ನೂ ಗಮನಿಸಿರಿ. ‘ಎರಡು ದಿನ’ ಎಂಬುದು ದಿನವೂ ಮುಂದಕ್ಕೆ ಸರಿಯುತ್ತದೆ, ದಿನಾಂಕ ಸರಿಯುವುದಿಲ್ಲ.

ತಿದ್ದಿದ ಪತ್ರವನ್ನು ಬರೆದು ಸಹಿ ಹಾಕಿದ ಮೇಲೆ, ಅದರ ಚಿತ್ರವನ್ನು ಅಂದೇ ಫೋನಿನಲ್ಲಿ ಕಳಿಸಿ, ಮೂಲವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕಬೇಕು. ಹಿರಿಯರು ‘ರಿಜಿಸ್ಟರ್ ಮಾಡು’ ಎನ್ನುತ್ತಾರೆ. ದೇಶದೊಳಗಿನ ಆ ನೋಂದಾಯಿತ ಅಂಚೆಯನ್ನು ಅಂಚೆ ಇಲಾಖೆಯು 2025ರಲ್ಲಿ ಸ್ಪೀಡ್ ಪೋಸ್ಟಿನೊಂದಿಗೆ ಸೇರಿಸಿತು. ಅಂಚೆಯ ರಸೀದಿ, ಪತ್ರದ ನಕಲು, ತಲುಪಿದ ವಿವರದ ಮುದ್ರಿತ ಹಾಳೆ ಇವನ್ನು ಒಂದೇ ಕಡತದಲ್ಲಿ ದಿನಾಂಕದ ಕ್ರಮದಲ್ಲಿ ಇಡಬೇಕು. ಫೋನಿನಲ್ಲಿರುವ ಸಂದೇಶಗಳನ್ನು ವ್ಯವಹಾರ ಮುಗಿಯುವವರೆಗೆ ಅಳಿಸಬಾರದು.

ಸರಕು ಬಂದ ದಿನವೇ ಎಡವುವ ದಿನ

ಹೆಚ್ಚಿನವರು ಇಲ್ಲಿಗೆ ಪಾಠ ಮುಗಿಯಿತೆಂದು ತಿಳಿಯುತ್ತಾರೆ. ನಿಜವಾಗಿ ನೋಡಿದರೆ ಎಡವುವುದು ಇನ್ನು ಮುಂದೆ. 8ರಂದು ಮಧ್ಯಾಹ್ನ ಲಾರಿ ಬಂದಿತೆನ್ನೋಣ. ಚಾಲಕನು ದಣಿದಿದ್ದಾನೆ, ಮನೆಯವರಿಗೆ ಸರಕು ಬಂದ ಸಂತೋಷ. ‘ಬಂತಲ್ಲ, ಪರವಾಗಿಲ್ಲ’ ಎಂದು ಚಲನ್ನಿಗೆ ಸಹಿ ಹಾಕಿ ಕಳಿಸುತ್ತಾರೆ. ಆ ‘ಪರವಾಗಿಲ್ಲ’ ಎಂಬ ಒಂದು ಮಾತಿನ ಬೆಲೆ ಎಷ್ಟೆಂಬುದನ್ನು ಕರಾರು ಕಾಯಿದೆಯ 55ನೆಯ ಕಲಮು ಹೇಳುತ್ತದೆ.

ಆ ಕಲಮಿನ ಸಾರ ಹೀಗಿದೆ. ಗಡುವೇ ಮುಖ್ಯವಾಗಿರುವ ಕರಾರಿನಲ್ಲಿ ಒಬ್ಬನು ಗಡುವು ತಪ್ಪಿದರೆ, ಇನ್ನೊಬ್ಬನು ಬೇಕಾದರೆ ಕರಾರನ್ನು ರದ್ದು ಮಾಡಬಹುದು. ರದ್ದು ಮಾಡದೆ ತಡವಾದ ಸರಕನ್ನು ಸ್ವೀಕರಿಸಿದರೆ, ತಡದಿಂದಾದ ನಷ್ಟಕ್ಕೆ ಅವನು ಪರಿಹಾರ ಕೇಳುವಂತಿಲ್ಲ. ಕೇಳಬೇಕಾದರೆ, ಹಾಗೆ ಕೇಳುವ ಉದ್ದೇಶವಿದೆಯೆಂಬುದನ್ನು ಸ್ವೀಕರಿಸುವ ಹೊತ್ತಿನಲ್ಲಿಯೇ ತಿಳಿಸಿರಬೇಕು. ಗಡುವು ಅಷ್ಟು ಮುಖ್ಯವಲ್ಲದ ಕರಾರಾದರೆ ರದ್ದು ಮಾಡುವ ಹಕ್ಕಿಲ್ಲ, ನಷ್ಟ ಕೇಳುವ ಹಕ್ಕಷ್ಟೇ ಇರುತ್ತದೆ. ಬೇಡಿಕೆಯ ಪತ್ರದಲ್ಲಿಯೇ ‘ಇದು ಮುಖ್ಯ ಷರತ್ತು’ ಎಂದು ಬರೆದದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ‘ಕ್ರೇಟುಗಳಿಲ್ಲದೆ ಕೊಯ್ಲು ಮಾಡಲಾಗದು’ ಎಂದು ಅಂದೇ ತಿಳಿಸಿದ್ದೂ ವ್ಯರ್ಥವಲ್ಲ. ಅದೇ ಕಾಯಿದೆಯ 73ನೆಯ ಕಲಮಿನಂತೆ, ಕರಾರು ಮುರಿದುದರಿಂದ ಸಹಜವಾಗಿ ಉಂಟಾದ ನಷ್ಟವನ್ನು, ಅಥವಾ ಕರಾರು ಮಾಡಿಕೊಳ್ಳುವಾಗಲೇ ಇಬ್ಬರಿಗೂ ಗೊತ್ತಿದ್ದ ನಷ್ಟವನ್ನು ಕೇಳಬಹುದು. ದೂರದ ಸುತ್ತುಬಳಸಿನ ನಷ್ಟವನ್ನು ಕೇಳುವಂತಿಲ್ಲ.

ಆದ್ದರಿಂದ ಲಾರಿಯ ಚಲನ್ನಿನ ಮೇಲೆ, ಸಹಿಯ ಮೇಲ್ಭಾಗದಲ್ಲಿ, ಇಷ್ಟು ಬರೆಯಬೇಕು: “1-12-2025ರೊಳಗೆ ಬರಬೇಕಾಗಿದ್ದ 300 ಕ್ರೇಟುಗಳು 8-12-2025ರ ಮಧ್ಯಾಹ್ನ 1 ಗಂಟೆಗೆ ಬಂದವು. ತಡದ ನಷ್ಟವನ್ನು ಕೇಳುವ ಹಕ್ಕನ್ನು ಉಳಿಸಿಕೊಂಡು ಸ್ವೀಕರಿಸಿದೆ.” ಬರೆದ ಚಲನ್ನಿನ ಚಿತ್ರ ತೆಗೆದುಕೊಳ್ಳಬೇಕು. ಚಾಲಕನಿಗೆ ಊಟ ಹಾಕಿ, ನೀರು ಕೊಟ್ಟು ಕಳಿಸಬೇಕು. ಅವನ ಮೇಲೆ ಕೂಗಾಡುವುದರಿಂದ ಯಾವ ಹಕ್ಕೂ ಹೆಚ್ಚುವುದಿಲ್ಲ.

ಅದೇ ಸಂಜೆ ವ್ಯಾಪಾರಿಗೆ ಎರಡನೆಯ ಪತ್ರ. ಇದು ಮೊದಲನೆಯದಕ್ಕಿಂತ ಚಿಕ್ಕದು:

“ತಾವು ಕಳಿಸಿದ 300 ಕ್ರೇಟುಗಳು ಈ ದಿನ, 8-12-2025ರ ಮಧ್ಯಾಹ್ನ, ತಲುಪಿದವು. ಸರಕು ಎಣಿಕೆಗೂ ಗುಣಕ್ಕೂ ಸರಿಯಾಗಿದೆ, ಇದಕ್ಕಾಗಿ ವಂದನೆಗಳು. 1ರಂದು ಬರಬೇಕಾದ ಸರಕು 7 ದಿನ ತಡವಾದುದರಿಂದ, 5ರಿಂದ 8ರವರೆಗಿನ 4 ದಿನ 200 ಕ್ರೇಟುಗಳಿಗೆ ದಿನಕ್ಕೆ ತಲಾ ₹5ರಂತೆ ₹4,000 ಬಾಡಿಗೆ ತೆತ್ತಿದ್ದೇವೆ. ರಸೀದಿಯ ನಕಲನ್ನು ಲಗತ್ತಿಸಿದೆ. ಚಲನ್ನಿನಲ್ಲಿ ಬರೆದಂತೆ ಈ ಮೊತ್ತವನ್ನು ಕೇಳುವ ಹಕ್ಕನ್ನು ಉಳಿಸಿಕೊಂಡೇ ಸರಕನ್ನು ಸ್ವೀಕರಿಸಿದ್ದೇವೆ. ಬಾಕಿ ₹50,000ದಲ್ಲಿ ಇದನ್ನು ಕಳೆದು ₹46,000 ಸಲ್ಲಿಸಲು ತಮ್ಮ ಒಪ್ಪಿಗೆಯನ್ನು 15-12-2025ರೊಳಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.”

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಸರಿಯಾದುದನ್ನು ಸರಿಯೆಂದು ಒಪ್ಪಿದ್ದೇವೆ. ಸರಕಿನ ಗುಣವನ್ನು ಹೊಗಳಿದ ಕೈಯೇ ತಡವನ್ನು ದೂರಿದಾಗ ಆ ದೂರಿಗೆ ತೂಕ ಬರುತ್ತದೆ. ಎರಡನೆಯದು, ಕೇಳಿದ್ದು ರಸೀದಿ ಇರುವ ₹4,000 ಮಾತ್ರ. ‘ಮನಸ್ಸಿಗಾದ ನೋವು’, ‘ಮಳೆ ಬಂದಿದ್ದರೆ ಆಗಬಹುದಾಗಿದ್ದ ನಷ್ಟ’ ಎಂದು ಸೇರಿಸಿ ₹20,000 ಕೇಳಿದ್ದರೆ, ನಿಜವಾದ ₹4,000ವೂ ಅನುಮಾನಕ್ಕೆ ಗುರಿಯಾಗುತ್ತಿತ್ತು. ಒಪ್ಪಿಗೆ ಬರುವ ಮೊದಲೇ ನಾವಾಗಿ ಹಣ ಹಿಡಿದುಕೊಳ್ಳದೆ, ಒಪ್ಪಿಗೆ ಕೇಳಿದ್ದೂ ಜಗಳವನ್ನು ದೂರವಿಡುವ ಕ್ರಮವೇ.

ಪತ್ರದಿಂದ ಆಗದ ಕೆಲಸ

ಪತ್ರವು ಲಾರಿಯನ್ನು ಓಡಿಸುವುದಿಲ್ಲ. 5ರ ಬೆಳಿಗ್ಗೆ ಬೆಳೆಗಾರರ ಹಣ್ಣನ್ನು ಉಳಿಸಿದ್ದು ಬಾಡಿಗೆಯ ಕ್ರೇಟುಗಳೇ ಹೊರತು ಕಾಗದವಲ್ಲ. ಪತ್ರ ಬರೆದು ಕೈಕಟ್ಟಿ ಕುಳಿತು ಹಣ್ಣು ಕೊಳೆಯಲು ಬಿಟ್ಟು, ಆ ಪೂರ್ತಿ ನಷ್ಟವನ್ನು ವ್ಯಾಪಾರಿಯ ತಲೆಗೆ ಕಟ್ಟಲು ಕಾನೂನೂ ಒಪ್ಪುವುದಿಲ್ಲ. ಕೈಲಾದ ಮಟ್ಟಿಗೆ ನಷ್ಟವನ್ನು ತಗ್ಗಿಸಿಕೊಳ್ಳಲು ಇದ್ದ ದಾರಿಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ವ್ಯಾಪಾರಿಯು ಎರಡು ಪತ್ರಗಳಿಗೂ ಉತ್ತರಿಸದಿದ್ದರೆ ಮೂರನೆಯ ಮೃದು ಪತ್ರದಿಂದ ಪ್ರಯೋಜನವಿಲ್ಲ. ಮೊತ್ತ ದೊಡ್ಡದಾಗಿದ್ದರೆ ಕಡತವನ್ನು ಹಿಡಿದು ವಕೀಲರನ್ನು ಕಾಣಬೇಕು. ಆಗ ವಕೀಲರು ಮೊದಲು ಕೇಳುವುದು ‘ಏನು ಬರೆದಿದ್ದೀರಿ, ಯಾವತ್ತು ಬರೆದಿದ್ದೀರಿ?’ ಎಂದೇ.

ಅಭ್ಯಾಸ

ವಿದ್ಯಾರ್ಥಿಗಳೇ, ಈಗ ಚಿನ್ನಾಳಪಟ್ಟಿಗೆ ಬರೋಣ. ಸುಂಗುಡಿ ಸೀರೆಗಳ ಆ ಊರಿನ ಒಬ್ಬ ನೇಕಾರರು ನೂಲಿಗೆ ಬೇಡಿಕೆ ಕಳಿಸಿದ್ದಾರೆ. ಗಡುವು ಕಳೆದು ಐದು ದಿನವಾಗಿದೆ. ಎರಡು ಮಗ್ಗಗಳು ನಿಂತಿವೆ. ಅವರು ಬರೆದ ಸಾಲುಗಳು ಇವು:

1. ನೀವು ಹೇಳಿದ ದಿನ ನೂಲು ಕಳಿಸಲಿಲ್ಲ, ನಿಮಗೆ ಜವಾಬ್ದಾರಿಯೇ ಇಲ್ಲ.
2. ಹೋಗಲಿ, ನಿಮಗೆ ಯಾವಾಗ ಆಗುತ್ತದೋ ಆಗ ಕಳಿಸಿ.
3. ಇನ್ನೊಮ್ಮೆ ಹೀಗಾದರೆ ಸುಮ್ಮನಿರುವುದಿಲ್ಲ.
4. ನೂಲು ಬಂತು, ತಡವಾದರೂ ಪರವಾಗಿಲ್ಲ.

ಇವುಗಳಲ್ಲಿ ಎರಡು ಅತಿ ಒರಟು, ಎರಡು ಅತಿ ಸಡಿಲ. ಯಾವುವೆಂದು ಗುರುತಿಸಿರಿ. ದಿನಾಂಕ, ತೂಕ, ಮುಂಗಡದ ಮೊತ್ತಗಳನ್ನು ನೀವೇ ಊಹಿಸಿಕೊಂಡು ನಾಲ್ಕನ್ನೂ ತಿದ್ದಿ ಬರೆಯಿರಿ. ‘ಬರಲಿಲ್ಲ’ ಎಂಬುದನ್ನೂ ‘ಬಂದಿಲ್ಲ’ ಎಂಬುದನ್ನೂ ಒಂದೊಂದು ಸಲ ಸರಿಯಾದ ಜಾಗದಲ್ಲಿ ಬಳಸಿರಿ. ಬರೆದಾದ ಮೇಲೆ ಮನೆಯಲ್ಲಿ ಹಿರಿಯರಿಗೆ ಓದಿ ತೋರಿಸಿ, ‘ಎಷ್ಟು ನೂಲು, ಯಾವ ದಿನ ಬರಬೇಕಿತ್ತು, ಇನ್ನು ಯಾವ ದಿನದೊಳಗೆ ಬೇಕು, ಬರದಿದ್ದರೆ ಏನು?’ ಎಂದು ಕೇಳಿರಿ. ನಿಮ್ಮ ವಿವರಣೆಯ ನೆರವಿಲ್ಲದೆ ಅವರು ನಾಲ್ಕಕ್ಕೂ ಉತ್ತರ ಹೇಳಿದರೆ ಪತ್ರವನ್ನು ಅಂಚೆಗೆ ಹಾಕಬಹುದು.